ಹೆಡ್‌ಫೋನ್ ಪ್ಲಗ್ ಬದಲಾವಣೆ

ಹೆಡ್‌ಫೋನ್ ಪ್ಲಗ್ ಬದಲಾವಣೆ ಎಂದರೆ ಹೆಡ್‌ಫೋನ್ ಕೇಬಲ್ಲಿನ ತುದಿಯಲ್ಲಿರುವ ಹಾಳಾದ ಪ್ಲಗ್ಗನ್ನು ಕತ್ತರಿಸಿ, ಅದರ ಜಾಗದಲ್ಲಿ ಹೊಸ ಪ್ಲಗ್ಗನ್ನು ಬೆಸುಗೆ ಹಾಕಿ ಜೋಡಿಸುವ ದುರಸ್ತಿ ಕ್ರಮ. ಕೇಬಲ್ ಪ್ಲಗ್ಗಿನೊಳಗೆ ಪ್ರವೇಶಿಸುವ ಜಾಗದಲ್ಲಿ ಪದೇ ಪದೇ ಬಾಗುವುದರಿಂದ ಒಳಗಿನ ಎಳೆಗಳು ಅಲ್ಲಿಯೇ ತುಂಡಾಗುವುದು ಸಾಮಾನ್ಯ. ಆಗ ಒಂದು ಕಿವಿಯಲ್ಲಿ ಮಾತ್ರ ಧ್ವನಿ ಕೇಳಿಸುತ್ತದೆ, ಅಥವಾ ಪ್ಲಗ್ಗಿನ ಬಳಿ ಕೇಬಲ್ಲನ್ನು ಅಲುಗಿಸಿದಾಗ ಧ್ವನಿ ಬಂದು ಹೋಗುತ್ತದೆ. ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಪ್ಲಗ್ಗನ್ನು ಬಿಚ್ಚಲು ಬಾರದ ಕಾರಣ ಅದನ್ನು ಕತ್ತರಿಸುವುದು ಅನಿವಾರ್ಯ. ಈ ದುರಸ್ತಿಯಲ್ಲಿ ನಿರ್ಣಾಯಕವಾದದ್ದು ಎಡ, ಬಲ ಮತ್ತು ಗ್ರೌಂಡ್ ತಂತಿಗಳನ್ನು ಸರಿಯಾಗಿ ಗುರುತಿಸುವುದು. ತಂತಿಯ ಬಣ್ಣ ಇದಕ್ಕೆ ಸುಳಿವು ನೀಡುತ್ತದೆ. ಖಚಿತ ಉತ್ತರ ಮಲ್ಟಿಮೀಟರಿನ ಅಳತೆಯಿಂದ ದೊರೆಯುತ್ತದೆ.

## ಪ್ಲಗ್ಗಿನ ರಚನೆ

ಸ್ಟೀರಿಯೊ ಹೆಡ್‌ಫೋನುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು 3.5 ಮಿ.ಮೀ. ವ್ಯಾಸದ ಪ್ಲಗ್. ಅದರ ಲೋಹದ ಭಾಗವನ್ನು ಎರಡು ತೆಳುವಾದ ಪ್ಲಾಸ್ಟಿಕ್ ಬಳೆಗಳು ಮೂರು ಭಾಗಗಳಾಗಿ ಬೇರ್ಪಡಿಸಿರುತ್ತವೆ. ಮುಂದಿನ ಮೊನೆಯಾದ ಟಿಪ್ ಎಡ ಕಿವಿಗೂ, ನಡುವಿನ ರಿಂಗ್ ಬಲ ಕಿವಿಗೂ, ಬುಡದ ಕಡೆಯ ಸ್ಲೀವ್ ಎರಡಕ್ಕೂ ಸಾಮಾನ್ಯವಾದ ಗ್ರೌಂಡಿಗೂ ಮೀಸಲಾಗಿವೆ.

ಬಿಡಿಯಾಗಿ ಮಾರಾಟವಾಗುವ ಪ್ಲಗ್ಗಿನ ಹಿಂಬದಿಯ ಕವಚವನ್ನು ತಿರುಗಿಸಿ ತೆಗೆದರೆ ಬೆಸುಗೆ ಹಾಕಲು ಮೂರು ಲೋಹದ ಪಟ್ಟಿಗಳು ಕಾಣಿಸುತ್ತವೆ. ಉದ್ದವಾಗಿ ಹಿಂದಕ್ಕೆ ಚಾಚಿಕೊಂಡು, ತುದಿಯಲ್ಲಿ ಕೇಬಲ್ಲನ್ನು ಅಪ್ಪಿ ಹಿಡಿಯುವ ಎರಡು ರೆಕ್ಕೆಗಳಿರುವ ಪಟ್ಟಿ ಸ್ಲೀವ್‌ನದು. ಉಳಿದ ಎರಡು ಗಿಡ್ಡ ಪಟ್ಟಿಗಳಲ್ಲಿ ಯಾವುದು ಟಿಪ್, ಯಾವುದು ರಿಂಗ್ ಎಂಬುದು ತಯಾರಿಕೆಯಿಂದ ತಯಾರಿಕೆಗೆ ಬದಲಾಗಬಹುದು. ಆದ್ದರಿಂದ ಮಲ್ಟಿಮೀಟರನ್ನು ಬೀಪ್ ಸದ್ದಿನ ಸಂಪರ್ಕ ಪರೀಕ್ಷೆಗೆ ಹೊಂದಿಸಿ, ಪ್ರತಿ ಪಟ್ಟಿಯು ಪ್ಲಗ್ಗಿನ ಯಾವ ಭಾಗಕ್ಕೆ ಸೇರಿದೆ ಎಂಬುದನ್ನು ಮೊದಲೇ ನೋಡಿಟ್ಟುಕೊಳ್ಳಲಾಗುತ್ತದೆ.

## ತಂತಿಗಳ ಬಣ್ಣ ಮತ್ತು ಎನಾಮೆಲ್ ಲೇಪ

ಹಳೆಯ ಪ್ಲಗ್ಗಿನಿಂದ ಮೂರರಿಂದ ಐದು ಸೆಂ.ಮೀ. ದೂರದಲ್ಲಿ ಕೇಬಲ್ಲನ್ನು ಕತ್ತರಿಸಿದರೆ ಮುರಿದ ಭಾಗ ಸಾಮಾನ್ಯವಾಗಿ ಪ್ಲಗ್ಗಿನೊಂದಿಗೇ ಹೊರಹೋಗುತ್ತದೆ. ಹೊರಗಿನ ರಬ್ಬರ್ ಹೊದಿಕೆಯನ್ನು ಸುಮಾರು ಎರಡು ಸೆಂ.ಮೀ. ಸುಲಿದಾಗ ಒಳಗೆ ಮೂರು ಅಥವಾ ನಾಲ್ಕು ತಂತಿಗಳು ಸಿಗುತ್ತವೆ. ಕೆಂಪು ತಂತಿ ಬಲಕ್ಕೆ, ಹಸಿರು ಅಥವಾ ನೀಲಿ ತಂತಿ ಎಡಕ್ಕೆ, ತಾಮ್ರದ ಬಣ್ಣದ್ದು ಗ್ರೌಂಡಿಗೆ ಎಂಬುದು ವ್ಯಾಪಕ ರೂಢಿ. ಆದರೆ ಎಲ್ಲ ತಯಾರಕರೂ ಇದನ್ನು ಪಾಲಿಸುವುದಿಲ್ಲ.

ಅನೇಕ ಹೆಡ್‌ಫೋನುಗಳಲ್ಲಿ ಈ ಬಣ್ಣವು ಪ್ರತ್ಯೇಕ ಪ್ಲಾಸ್ಟಿಕ್ ಹೊದಿಕೆಯದಲ್ಲ. ಕೂದಲಿನಷ್ಟು ತೆಳುವಾದ ತಾಮ್ರದ ಎಳೆಗಳಿಗೆ ಬಣ್ಣದ ಎನಾಮೆಲ್ ಲೇಪವನ್ನು ಬಳಿದಿರುತ್ತಾರೆ. ಈ ಲೇಪವೇ ವಿದ್ಯುತ್ ನಿರೋಧಕ. ಬರಿಯ ತಾಮ್ರದಂತೆ ಕಾಣುವ ಗ್ರೌಂಡ್ ಎಳೆಗಳ ಮೇಲೂ ಬಣ್ಣವಿಲ್ಲದ ಎನಾಮೆಲ್ ಇರಬಹುದು. ಲೇಪ ಉಳಿದಿರುವವರೆಗೆ ಅದರ ಮೇಲೆ ಬೆಸುಗೆ ಹಿಡಿಯುವುದಿಲ್ಲ, ಮಲ್ಟಿಮೀಟರ್ ಕೂಡ ಸಂಪರ್ಕವನ್ನು ತೋರಿಸುವುದಿಲ್ಲ. ಬೆಸುಗೆ ಹಾಕಿದಂತೆ ಕಂಡರೂ ಧ್ವನಿ ಬಾರದಿರಲು ಇದು ಮುಖ್ಯ ಕಾರಣ.

ಎಳೆಗಳ ಜೊತೆಯಲ್ಲಿ ಬಲಕ್ಕಾಗಿ ನೈಲಾನ್ ಮುಂತಾದ ನಾರನ್ನು ಹೆಣೆದಿರುತ್ತಾರೆ. ನಾರನ್ನು ಬೇರ್ಪಡಿಸಿ ಬುಡದಲ್ಲಿ ಕತ್ತರಿಸದಿದ್ದರೆ ಅದು ಬೆಸುಗೆಯೊಳಗೆ ಸೇರಿ ಕೂಡಿಕೆಯನ್ನು ದುರ್ಬಲಗೊಳಿಸುತ್ತದೆ. ಲೇಪವನ್ನು ತೆಗೆಯಲು, ಕಾಯಿಸಿದ ಬೆಸುಗೆ ಕಡ್ಡಿಯ ತುದಿಯಲ್ಲಿ ಹೊಸ ಬೆಸುಗೆಯ ಒಂದು ಹನಿಯನ್ನು ಕರಗಿಸಿ, ತಂತಿಯ ಕೊನೆಯ ಎರಡು ಮೂರು ಮಿ.ಮೀ. ಭಾಗವನ್ನು ಕೆಲವು ಕ್ಷಣ ಅದರಲ್ಲಿ ಮುಳುಗಿಸಲಾಗುತ್ತದೆ. ಕಡ್ಡಿಯ ಶಾಖ ಸುಮಾರು 350ರಿಂದ 400 ಡಿಗ್ರಿ ಸೆಲ್ಸಿಯಸ್ ಇದ್ದರೆ ಲೇಪ ಸುಟ್ಟುಹೋಗಿ ತಾಮ್ರದ ಮೇಲೆ ಬೆಸುಗೆ ಹರಡುತ್ತದೆ. ತಂತಿಯ ತುದಿ ಸುತ್ತಲೂ ಬೆಳ್ಳಿಯಂತೆ ಹೊಳೆದರೆ ಲೇಪ ಹೋಗಿದೆ ಎಂದರ್ಥ. ಬೆಸುಗೆ ಮಣಿಯಂತೆ ಉಂಡೆಗಟ್ಟಿ ಜಾರಿದರೆ ಲೇಪ ಇನ್ನೂ ಉಳಿದಿದೆ. ಸುಡುವ ಎನಾಮೆಲ್‌ನ ಹೊಗೆ ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಗಾಳಿಯಾಡುವ ಜಾಗದಲ್ಲಿ ಈ ಕೆಲಸವನ್ನು ಮಾಡಬೇಕಾಗುತ್ತದೆ.

## ಅಳತೆಯಿಂದ ಗುರುತಿಸುವ ಕ್ರಮ

ಪ್ರತಿ ಕಿವಿಯ ಸ್ಪೀಕರಿನೊಳಗೆ ತಂತಿಯ ಒಂದು ಸುರುಳಿ ಇರುತ್ತದೆ. ಎಡ ಸುರುಳಿಯ ಒಂದು ತುದಿ ಎಡ ತಂತಿಗೆ, ಬಲ ಸುರುಳಿಯ ಒಂದು ತುದಿ ಬಲ ತಂತಿಗೆ ಸೇರಿದ್ದು, ಎರಡರ ಉಳಿದ ತುದಿಗಳೂ ಗ್ರೌಂಡಿಗೆ ಸೇರುತ್ತವೆ. ಹೀಗಾಗಿ ಗ್ರೌಂಡ್ ಮತ್ತು ಇತರ ಯಾವುದೇ ತಂತಿಯ ನಡುವೆ ಒಂದು ಸುರುಳಿಯ ರೋಧ ಕಾಣಿಸುತ್ತದೆ. ಎಡ ಮತ್ತು ಬಲ ತಂತಿಗಳ ನಡುವೆ ಎರಡು ಸುರುಳಿಗಳ ರೋಧ ಕೂಡಿ ಬರುತ್ತದೆ.

ಉದಾಹರಣೆಗೆ, 32 ಓಮ್‌ನ ಒಂದು ಹೆಡ್‌ಫೋನಿನ ಕೇಬಲ್ಲಿನಲ್ಲಿ ಕೆಂಪು, ಹಸಿರು ಮತ್ತು ತಾಮ್ರದ ಬಣ್ಣದ ಮೂರು ತಂತಿಗಳಿವೆ ಎಂದಿಟ್ಟುಕೊಳ್ಳಬಹುದು. ಮೂರರ ತುದಿಗಳಿಗೂ ಬೆಸುಗೆ ಹಿಡಿಸಿದ ಬಳಿಕ, ಮಲ್ಟಿಮೀಟರನ್ನು 200 ಓಮ್ ಶ್ರೇಣಿಗೆ ಹೊಂದಿಸಿ ಎರಡೆರಡಾಗಿ ಅಳೆದಾಗ ಈ ರೀತಿಯ ಫಲಿತಾಂಶ ಬರುತ್ತದೆ:

* ಕೆಂಪು ಮತ್ತು ತಾಮ್ರದ ಬಣ್ಣದ ತಂತಿಗಳ ನಡುವೆ: 33 ಓಮ್
* ಹಸಿರು ಮತ್ತು ತಾಮ್ರದ ಬಣ್ಣದ ತಂತಿಗಳ ನಡುವೆ: 33 ಓಮ್
* ಕೆಂಪು ಮತ್ತು ಹಸಿರು ತಂತಿಗಳ ನಡುವೆ: 65 ಓಮ್

ಅತಿ ಹೆಚ್ಚಿನ ಅಳತೆ ನೀಡಿದ ಜೋಡಿಯಲ್ಲಿ ಸೇರದೆ ಉಳಿದ ತಂತಿಯೇ ಗ್ರೌಂಡ್. ಇಲ್ಲಿ ಅದು ತಾಮ್ರದ ಬಣ್ಣದ್ದು. ಹೆಡ್‌ಫೋನಿನ ಮೇಲೆ ನಮೂದಿಸಿದ ಮೌಲ್ಯಕ್ಕೂ ಅಳತೆಗೂ ಕೆಲವು ಓಮ್‌ಗಳ ವ್ಯತ್ಯಾಸ ಸಹಜ. ಮುಖ್ಯವಾದದ್ದು ಒಂದು ಅಳತೆ ಉಳಿದವುಗಳ ಸರಿಸುಮಾರು ಇಮ್ಮಡಿಯಾಗಿರುವುದು.

ಎಡ ಯಾವುದು, ಬಲ ಯಾವುದು ಎಂಬುದನ್ನು ರೋಧದ ಸಂಖ್ಯೆ ಹೇಳುವುದಿಲ್ಲ, ಏಕೆಂದರೆ ಎರಡು ಸುರುಳಿಗಳೂ ಸಮಾನ. ಅದಕ್ಕೆ ಕಿವಿಯೇ ಸಾಧನ. ಓಮ್ ಶ್ರೇಣಿಯಲ್ಲಿ ಮಲ್ಟಿಮೀಟರ್ ತನ್ನ ಬ್ಯಾಟರಿಯಿಂದ ಅಲ್ಪ ಪ್ರವಾಹವನ್ನು ಹರಿಸುತ್ತದೆ. ಒಂದು ಕಡ್ಡಿಯನ್ನು ಗ್ರೌಂಡಿಗೆ ಹಿಡಿದು ಇನ್ನೊಂದನ್ನು ಕೆಂಪು ತಂತಿಗೆ ಮುಟ್ಟಿಸಿದಾಗಲೆಲ್ಲ ಒಂದು ಸ್ಪೀಕರಿನಿಂದ ಮೆಲ್ಲನೆಯ ಕಟಕಟ ಸದ್ದು ಬರುತ್ತದೆ. ಆ ಸ್ಪೀಕರಿನ ಮೇಲೆ ಬಲ ಎಂಬ ಗುರುತಿದ್ದರೆ ಕೆಂಪು ತಂತಿ ಬಲದ್ದು. ಇದೇ ಪರೀಕ್ಷೆಯನ್ನು 1.5 ವೋಲ್ಟ್ ಸೆಲ್ಲಿನಿಂದ ಮಾಡುವುದೂ ಉಂಟು. ಆದರೆ 32 ಓಮ್ ಸುರುಳಿಯಲ್ಲಿ ಅದು 45 ಮಿಲಿಆಂಪಿಯರಿಗೂ ಹೆಚ್ಚು ಪ್ರವಾಹವನ್ನು ಹರಿಸುವುದರಿಂದ ಸದ್ದು ಜೋರಾಗಿರುತ್ತದೆ. ಹಾಗಾಗಿ ಹೆಡ್‌ಫೋನನ್ನು ಕಿವಿಗೆ ಹಾಕಿಕೊಳ್ಳದೆ ದೂರವಿಟ್ಟು, ಕ್ಷಣಮಾತ್ರ ಮುಟ್ಟಿಸಲಾಗುತ್ತದೆ.

ಈ ಅಳತೆಗಳು ದುರಸ್ತಿಯಿಂದ ಪ್ರಯೋಜನವಿದೆಯೇ ಎಂಬುದನ್ನೂ ತಿಳಿಸುತ್ತವೆ. ಲೇಪ ತೆಗೆದ ಮೇಲೂ ಒಂದು ತಂತಿಗೆ ಉಳಿದ ಯಾವುದರೊಂದಿಗೂ ಸಂಪರ್ಕ ಕಾಣದಿದ್ದರೆ ತುಂಡಾದ ಜಾಗ ಪ್ಲಗ್ಗಿನ ಬಳಿ ಇಲ್ಲ. ಅದು ಕೇಬಲ್ ಕವಲೊಡೆಯುವಲ್ಲಿ, ಸ್ಪೀಕರಿನ ಬಾಯಲ್ಲಿ ಅಥವಾ ಸುರುಳಿಯಲ್ಲಿ ಇರಬಹುದು. ಅಂತಹ ಸಂದರ್ಭದಲ್ಲಿ ಪ್ಲಗ್ ಬದಲಿಸಿದರೆ ದೋಷ ಹೋಗುವುದಿಲ್ಲ.

## ನಾಲ್ಕು ತಂತಿಗಳ ಕೇಬಲ್

ಮೈಕ್ ಇಲ್ಲದ ಹೆಡ್‌ಫೋನಿನಲ್ಲಿ ನಾಲ್ಕು ತಂತಿಗಳಿದ್ದರೆ ಪ್ರತಿ ಕಿವಿಗೂ ಪ್ರತ್ಯೇಕ ಗ್ರೌಂಡ್ ಇದೆ ಎಂದರ್ಥ. ಆಗ ತಂತಿಗಳು ಎರಡು ಸ್ವತಂತ್ರ ಜೋಡಿಗಳಾಗಿ ವಿಂಗಡವಾಗುತ್ತವೆ: ಜೋಡಿಯೊಳಗೆ ಸುಮಾರು 33 ಓಮ್ ಕಾಣಿಸುತ್ತದೆ, ಒಂದು ಜೋಡಿಗೂ ಇನ್ನೊಂದಕ್ಕೂ ಸಂಪರ್ಕವೇ ಇರುವುದಿಲ್ಲ. ಪ್ರತಿ ಜೋಡಿಯಿಂದ ತಾಮ್ರದ ಬಣ್ಣದ ಅಥವಾ ಪಟ್ಟೆಯುಳ್ಳ ತಂತಿಯನ್ನು ಗ್ರೌಂಡ್ ಎಂದು ಆರಿಸಿ, ಎರಡನ್ನೂ ಹೊಸೆದು ಸ್ಲೀವ್ ಪಟ್ಟಿಗೆ ಸೇರಿಸಲಾಗುತ್ತದೆ. ಒಂದು ಜೋಡಿಯಲ್ಲಿ ಮಾತ್ರ ಆಯ್ಕೆ ತಲೆಕೆಳಗಾದರೆ ಎರಡೂ ಕಿವಿಗಳಲ್ಲಿ ಧ್ವನಿ ಬರುತ್ತದೆ, ಆದರೆ ಒಂದು ಸ್ಪೀಕರಿನ ಪರದೆ ಮುಂದೆ ಸರಿಯುವಾಗ ಇನ್ನೊಂದರದು ಹಿಂದೆ ಸರಿಯುತ್ತದೆ. ಹಾಡುಗಾರರ ಧ್ವನಿ ತಲೆಯ ನಡುವೆ ನಿಲ್ಲದೆ ಚದುರಿದಂತೆ ಕೇಳಿಸುವುದು ಇದರ ಲಕ್ಷಣ. ಆ ಒಂದು ಜೋಡಿಯ ತಂತಿಗಳನ್ನು ಅದಲುಬದಲು ಮಾಡಿದರೆ ದೋಷ ಪರಿಹಾರವಾಗುತ್ತದೆ.

## ಬೆಸುಗೆ

ಬೆಸುಗೆ ಹಾಕುವ ಮೊದಲೇ ಪ್ಲಗ್ಗಿನ ಕವಚವನ್ನೂ, ಬಳಸುವುದಾದರೆ ಕಾಯಿಸಿದಾಗ ಕುಗ್ಗುವ ಪ್ಲಾಸ್ಟಿಕ್ ಕೊಳವೆಯನ್ನೂ ಕೇಬಲ್ಲಿಗೆ ಪೋಣಿಸಿಕೊಳ್ಳಬೇಕು. ಇದನ್ನು ಮರೆತರೆ ಮುಗಿದ ಕೂಡಿಕೆಗಳನ್ನು ಬಿಡಿಸಿ ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ.

25 ವ್ಯಾಟ್‌ನ ಬೆಸುಗೆ ಕಡ್ಡಿ ಮತ್ತು ಒಳಗೆ ರಾಳ ತುಂಬಿದ ತೆಳು ಬೆಸುಗೆ ತಂತಿ ಈ ಕೆಲಸಕ್ಕೆ ಸಾಕು. ಮೊದಲು ಮೂರು ಪಟ್ಟಿಗಳ ಮೇಲೂ ಸ್ವಲ್ಪ ಬೆಸುಗೆಯನ್ನು ಹರಡಲಾಗುತ್ತದೆ. ನಂತರ ಈಗಾಗಲೇ ಬೆಸುಗೆ ಹಿಡಿಸಿದ ತಂತಿಯನ್ನು ಪಟ್ಟಿಯ ಮೇಲಿಟ್ಟು ಒಂದೆರಡು ಸೆಕೆಂಡು ಕಡ್ಡಿ ಮುಟ್ಟಿಸಿದರೆ ಎರಡೂ ಕಡೆಯ ಬೆಸುಗೆ ಕರಗಿ ಒಂದಾಗುತ್ತದೆ. ಟಿಪ್ ಮತ್ತು ರಿಂಗ್ ತಂತಿಗಳನ್ನು ಮೊದಲು ಸೇರಿಸಿ, ಕೊನೆಗೆ ಸ್ಲೀವ್‌ಗೆ ಗ್ರೌಂಡನ್ನು ಸೇರಿಸುವುದು ಅನುಕೂಲಕರ. ಕಡ್ಡಿಯನ್ನು ಹೆಚ್ಚು ಹೊತ್ತು ಒತ್ತಿ ಹಿಡಿದರೆ ಪ್ಲಗ್ಗಿನೊಳಗಿನ ಪ್ಲಾಸ್ಟಿಕ್ ಮೆತ್ತಗಾಗಿ ಲೋಹದ ಭಾಗಗಳು ಓರೆಯಾಗುತ್ತವೆ ಅಥವಾ ಒಂದಕ್ಕೊಂದು ತಾಗುತ್ತವೆ. ಕೆಲಸದ ಉದ್ದಕ್ಕೂ ಪ್ಲಗ್ಗನ್ನು ಹಳೆಯ ಬಿಡಿ ಸಾಕೆಟ್ಟಿನಲ್ಲಿ ಸಿಕ್ಕಿಸಿಟ್ಟರೆ ಅವು ಸರಿಯಾದ ಜಾಗದಲ್ಲಿ ನಿಲ್ಲುತ್ತವೆ.

ಕೂಡಿಕೆಗಳು ತಣ್ಣಗಾದ ಮೇಲೆ ಸ್ಲೀವ್ ಪಟ್ಟಿಯ ರೆಕ್ಕೆಗಳನ್ನು ಇಕ್ಕಳದಿಂದ ಕೇಬಲ್ಲಿನ ರಬ್ಬರ್ ಹೊದಿಕೆಯ ಮೇಲೆ ಮಡಚಲಾಗುತ್ತದೆ. ರೆಕ್ಕೆಗಳು ಹೊದಿಕೆಯನ್ನು ಹಿಡಿಯಬೇಕೇ ಹೊರತು ಒಳಗಿನ ತಂತಿಗಳನ್ನಲ್ಲ. ಇಲ್ಲವಾದರೆ ಕೇಬಲ್ಲನ್ನು ಎಳೆದಾಗ ಪೂರ್ಣ ಬಲ ಬೆಸುಗೆಯ ಮೇಲೆ ಬೀಳುತ್ತದೆ. ಬೆಸುಗೆಯಲ್ಲಿ ಸೀಸ ಇರುವ ಸಾಧ್ಯತೆ ಇದ್ದು, ಕೆಲಸ ಮುಗಿದ ಮೇಲೆ ಕೈ ತೊಳೆಯುವುದು ಅಗತ್ಯ.

## ಪರೀಕ್ಷೆ ಮತ್ತು ದೋಷಗಳ ಲಕ್ಷಣ

ಕವಚವನ್ನು ಮುಚ್ಚುವ ಮೊದಲು ಹೊಸ ಪ್ಲಗ್ಗಿನ ಮೇಲೆಯೇ ಅಳತೆಯನ್ನು ಪುನರಾವರ್ತಿಸಲಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಟಿಪ್ ಮತ್ತು ಸ್ಲೀವ್ ನಡುವೆ 33, ರಿಂಗ್ ಮತ್ತು ಸ್ಲೀವ್ ನಡುವೆ 33, ಟಿಪ್ ಮತ್ತು ರಿಂಗ್ ನಡುವೆ 65 ಓಮ್ ಬರಬೇಕು. ಸೊನ್ನೆಗೆ ಹತ್ತಿರದ ಅಳತೆ ಬಂದರೆ ಎರಡು ಪಟ್ಟಿಗಳ ನಡುವೆ ಬೆಸುಗೆ ಅಥವಾ ಬಿಡಿ ಎಳೆ ತಾಗಿದೆ. ಟಿಪ್ ಮತ್ತು ಸ್ಲೀವ್ ನಡುವೆ 65 ಓಮ್ ಬಂದರೆ ಗ್ರೌಂಡ್ ತಂತಿ ತಪ್ಪಾಗಿ ರಿಂಗ್‌ಗೆ ಸೇರಿದೆ.

ಗ್ರೌಂಡಿನ ದೋಷವನ್ನು ಕಿವಿಯಿಂದಲೂ ಗುರುತಿಸಬಹುದು. ಗ್ರೌಂಡಿನ ಕೂಡಿಕೆ ಬಿಟ್ಟುಹೋದಾಗ ಎರಡು ಸುರುಳಿಗಳು ಸರಣಿಯಲ್ಲಿ ಸೇರಿ, ಎಡ ಮತ್ತು ಬಲ ಸಂಕೇತಗಳ ವ್ಯತ್ಯಾಸವನ್ನಷ್ಟೇ ನುಡಿಸುತ್ತವೆ. ಹೆಚ್ಚಿನ ಹಾಡುಗಳಲ್ಲಿ ಗಾಯನವು ಎರಡೂ ಕಡೆ ಸಮಾನವಾಗಿ ಧ್ವನಿಮುದ್ರಿತವಾಗಿರುವುದರಿಂದ ಅದು ಅಳಿಸಿಹೋಗಿ, ವಾದ್ಯಗಳು ಮಾತ್ರ ದೂರದಿಂದ ಬಂದಂತೆ ಕೇಳಿಸುತ್ತವೆ. ಗ್ರೌಂಡ್ ಮತ್ತು ಬಲ ತಂತಿಗಳು ಅದಲುಬದಲಾಗಿದ್ದರೆ ಗಾಯನ ಎಡ ಕಿವಿಯಲ್ಲಿ ಮಾತ್ರ ಮಾಯವಾಗುತ್ತದೆ. ಎಡ ಮತ್ತು ಬಲ ಮಾತ್ರ ಅದಲುಬದಲಾಗಿದ್ದರೆ ಧ್ವನಿಯ ಗುಣಮಟ್ಟದಲ್ಲಿ ವ್ಯತ್ಯಾಸವಿರದು. ಎಡಕ್ಕೆ ಬರಬೇಕಾದ ವಾದ್ಯ ಬಲದಲ್ಲಿ ಕೇಳಿಸುತ್ತದೆ.

## ಮೈಕ್ ಇರುವ ಹೆಡ್‌ಫೋನುಗಳು

ಮೈಕ್ ಇರುವ ಹೆಡ್‌ಫೋನಿನ ಪ್ಲಗ್ಗಿನಲ್ಲಿ ಮೂರು ಪ್ಲಾಸ್ಟಿಕ್ ಬಳೆಗಳೂ ನಾಲ್ಕು ಲೋಹದ ಭಾಗಗಳೂ ಇರುತ್ತವೆ. ಈಗಿನ ಹೆಚ್ಚಿನ ಮೊಬೈಲ್ ಫೋನುಗಳ ಕ್ರಮದಲ್ಲಿ ಟಿಪ್ ಎಡಕ್ಕೆ, ಮೊದಲ ರಿಂಗ್ ಬಲಕ್ಕೆ, ಎರಡನೆಯ ರಿಂಗ್ ಗ್ರೌಂಡಿಗೆ, ಸ್ಲೀವ್ ಮೈಕಿಗೆ ಮೀಸಲು. ಕೆಲವು ಹಳೆಯ ಫೋನುಗಳಲ್ಲಿ ಕೊನೆಯ ಎರಡು ಅದಲುಬದಲಾಗಿವೆ. ಇಂತಹ ಕೇಬಲ್ಲಿಗೆ ಮೂರು ಭಾಗಗಳ ಪ್ಲಗ್ಗನ್ನು ಜೋಡಿಸಿದರೆ ಹಾಡು ಎಂದಿನಂತೆ ಕೇಳಿಸುತ್ತದೆ, ಆದರೆ ಮೈಕ್ ಮತ್ತು ಅದರ ಗುಂಡಿ ಕೆಲಸ ಮಾಡುವುದಿಲ್ಲ. ಆಗ ಮೈಕಿನ ತಂತಿಯನ್ನು ಬೇರೇನಕ್ಕೂ ತಾಗದಂತೆ ಪ್ರತ್ಯೇಕವಾಗಿ ಮುಚ್ಚಿಡಲಾಗುತ್ತದೆ.