ಅನಿಮೇಷನ್ ಕಿರುಚಿತ್ರಗಳ ಡಬ್ಬಿಂಗ್

ಒಂದು ಭಾಷೆಯಲ್ಲಿ ಸಿದ್ಧವಾದ ಅನಿಮೇಷನ್ ಚಿತ್ರದ ಸಂಭಾಷಣೆಯನ್ನು ತೆಗೆದು, ಚಿತ್ರವನ್ನಾಗಲಿ ಹಿನ್ನೆಲೆ ಸಂಗೀತವನ್ನಾಗಲಿ ಮುಟ್ಟದೆ, ಅದೇ ಪಾತ್ರಗಳ ಬಾಯಿಗೆ ಬೇರೊಂದು ಭಾಷೆಯ ಮಾತನ್ನು ಕೂಡಿಸುವ ಕಲೆ. ಜೀವಂತ ನಟರ ಚಿತ್ರಕ್ಕೆ ಕಂಠದಾನ ಮಾಡುವುದಕ್ಕಿಂತ ಇದು ಸುಲಭವೆಂದು ತೋರುವುದುಂಟು. ಚಿತ್ರಿಸಿದ ಮುಖದಲ್ಲಿ ಬಾಯಿಯ ಆಕಾರಗಳು ಕೆಲವೇ ಆದುದರಿಂದ ಆ ಎಣಿಕೆ ಅರ್ಧದಷ್ಟು ನಿಜವೂ ಹೌದು. ಆದರೆ ಆ ಕೆಲವೇ ಆಕಾರಗಳು ದಪ್ಪಗೆರೆಯಲ್ಲಿ ಸ್ಪಷ್ಟವಾಗಿ ಬರೆಯಲ್ಪಟ್ಟಿರುವುದರಿಂದ, ಮುಚ್ಚಿದ ತುಟಿಯ ಮೇಲೆ ತೆರೆದ ಅಕ್ಷರ ಬಿದ್ದಲ್ಲಿ ಮಗುವಿನ ಕಣ್ಣಿಗೂ ಅದು ಮರೆಯಾಗದು.

ಕನ್ನಡದಲ್ಲಿ ಈ ಕಲೆಯ ಚರಿತ್ರೆ ಹ್ರಸ್ವವಾದುದು. 1960ರ ದಶಕದಲ್ಲಿ ಅ.ನ. ಕೃಷ್ಣರಾಯರೇ ಮೊದಲಾದ ಸಾಹಿತಿಗಳೂ ಚಿತ್ರರಂಗದ ಗಣ್ಯರೂ ಡಬ್ಬಿಂಗ್ ಚಿತ್ರಗಳ ವಿರುದ್ಧ ನಡೆಸಿದ ಚಳವಳಿಯ ಫಲವಾಗಿ ಹಲವು ದಶಕಗಳ ಕಾಲ ಕನ್ನಡಕ್ಕೆ ಅನ್ಯಭಾಷೆಯ ಚಿತ್ರಗಳು ಕಂಠಾಂತರಗೊಂಡು ಬರುವುದು ನಿಂತೇಹೋಗಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಈ ನಿರ್ಬಂಧವು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ಅದಕ್ಕೂ ಮುಂಚೆ, 2009ರಲ್ಲಿ ಪ್ರಾರಂಭವಾದ ಚಿಂಟು ಟಿವಿ ಎಂಬ ಮಕ್ಕಳ ವಾಹಿನಿಯು ಪರದೇಶದ ಕಾರ್ಟೂನುಗಳನ್ನು ಕನ್ನಡದಲ್ಲಿ ಮಾತನಾಡಿಸತೊಡಗಿತ್ತು. ಹಾಗೆ ಬಂದವುಗಳಲ್ಲಿ, 2000ದಲ್ಲಿ ಅಮೆರಿಕದ ನಿಕಲೋಡಿಯನ್ ವಾಹಿನಿಯಲ್ಲಿ ಮೊದಲು ಪ್ರಸಾರವಾದ ‘ಡೋರಾ ದಿ ಎಕ್ಸ್‌ಪ್ಲೋರರ್’ ಒಂದು. ಉಡುಪಿ ಸೀಮೆಯ ಕೆಮ್ಮಣ್ಣಿನಂಥ ಊರಿನಲ್ಲಿ, ಮನೆಯೊಳಗೆ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡುತ್ತ ಕನ್ನಡವನ್ನು ಶಾಲೆಯಲ್ಲಿ ಕಲಿಯುವ ಮಕ್ಕಳಿಗೆ ಇಂಥ ಕಾರ್ಟೂನು ಪಾಠದ ಪುಸ್ತಕದಾಚೆಯ ಕನ್ನಡವನ್ನು ಕೇಳಿಸಬಲ್ಲುದು. ಆದುದರಿಂದಲೇ ಅದರ ಮಾತು ಹೇಗಿದೆಯೆಂಬುದು ಉಪೇಕ್ಷಿಸತಕ್ಕ ವಿಷಯವಲ್ಲ.

ಕೆಲಸದ ಕ್ರಮ. ಮೂಲಚಿತ್ರದೊಡನೆ ಬರುವ ಧ್ವನಿಪಥಗಳಲ್ಲಿ ಸಂಗೀತ ಮತ್ತು ಸದ್ದುಗಳು ಮಾತಿನಿಂದ ಪ್ರತ್ಯೇಕವಾಗಿರುತ್ತವೆ. ಅನುವಾದಕನು ಮೊದಲು ಅರ್ಥವನ್ನು ತರುತ್ತಾನೆ. ಬಳಿಕ ಸಂಭಾಷಣಾಕಾರನು ಚಿತ್ರವನ್ನು ನಿಧಾನವಾಗಿ ಓಡಿಸುತ್ತ, ಬಾಯಿ ಎಲ್ಲಿ ತೆರೆಯಿತು, ಎಲ್ಲಿ ಮುಚ್ಚಿತು, ಎಲ್ಲಿ ಉಸಿರೆಳೆಯಿತು ಎಂಬುದನ್ನು ಗುರುತುಮಾಡಿಕೊಂಡು ಆ ಗುರುತುಗಳಿಗೆ ಹೊಂದುವಂತೆ ಮಾತನ್ನು ಮತ್ತೆ ಕಟ್ಟುತ್ತಾನೆ. ಕಂಠದಾನ ಕಲಾವಿದರು ಹೆಡ್‌ಫೋನು ಧರಿಸಿ, ಸಮಾನಾಂತರದಲ್ಲಿ ಬರುವ ಮೂರು ಬೀಪುಗಳನ್ನು ಕೇಳಿ, ನಾಲ್ಕನೆಯದು ಬರಬೇಕಾದ ಕ್ಷಣದಲ್ಲಿ ಮಾತನ್ನು ಆರಂಭಿಸುತ್ತಾರೆ. ನಗು, ಏದುಸಿರು, ಬಿಕ್ಕು, ನೋವಿನ ಮುಲುಕು ಇವುಗಳು ಸಾಮಾನ್ಯವಾಗಿ ಮಾತಿನ ಪಥದಲ್ಲಿಯೇ ಸೇರಿರುವುದರಿಂದ ಇವನ್ನೂ ಹೊಸದಾಗಿ ಆಡಬೇಕಾಗುತ್ತದೆ. ಮೂಲದ ನಗುವನ್ನು ಹಾಗೆಯೇ ಉಳಿಸಿಕೊಂಡ ಚಿತ್ರದಲ್ಲಿ ಪಾತ್ರವು ಒಬ್ಬರ ಕಂಠದಲ್ಲಿ ಮಾತನಾಡಿ ಇನ್ನೊಬ್ಬರ ಕಂಠದಲ್ಲಿ ನಕ್ಕಂತಾಗಿ, ಭಾವವು ಅಲ್ಲಿಯೇ ಕಡಿದುಹೋಗುತ್ತದೆ.

ಬಾಯಿಯ ಲೆಕ್ಕ. ಸಿನಿಮಾದಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳು ಓಡುತ್ತವೆ. ಧ್ವನಿಯು ಚಿತ್ರಕ್ಕಿಂತ ಸುಮಾರು 45 ಮಿಲಿಸೆಕೆಂಡು, ಎಂದರೆ ಒಂದು ಚೌಕಟ್ಟಿನಷ್ಟು ಮುಂದಾದರೂ ಪ್ರೇಕ್ಷಕನು ಅದನ್ನು ಗುರುತಿಸತೊಡಗುತ್ತಾನೆ; ಹಿಂದಾದಲ್ಲಿ ಸುಮಾರು 125 ಮಿಲಿಸೆಕೆಂಡಿನವರೆಗೆ ಸಹಿಸುತ್ತಾನೆ. ಆದುದರಿಂದ ಸಂದೇಹ ಬಂದಾಗ ಮಾತು ತುಸು ತಡವಾಗುವುದೇ ಲೇಸು. ಎಲ್ಲ ಅಕ್ಷರಗಳನ್ನೂ ತುಟಿಗೆ ಹೊಂದಿಸುವ ಅಗತ್ಯವಿಲ್ಲ. ಕವರ್ಗ ಟವರ್ಗಗಳು ಬಾಯಿಯ ಒಳಗೆ ಹುಟ್ಟುವುದರಿಂದ ಕಾಣಿಸವು. ಕಾಣುವುದು ಓಷ್ಠ್ಯವಾದ ಪವರ್ಗವೂ, ತುಟಿ ದುಂಡಾಗುವ ಉಕಾರ ಓಕಾರಗಳೂ. ಇಂಗ್ಲಿಷಿನಲ್ಲಿ ಪದಗಳು ಪಕಾರ ಮಕಾರಗಳಲ್ಲಿ ತುಟಿಮುಚ್ಚಿ ಮುಗಿಯುವುದು ಸಾಮಾನ್ಯ. ಕನ್ನಡದ ಪದಗಳೋ ಬಹುಪಾಲು ಸ್ವರಾಂತ. ಕನ್ನಡಕ್ಕೆ ಡಬ್ ಮಾಡುವವನ ಮೊದಲ ತೊಡಕು ಇದೇ: ಚಿತ್ರದ ಬಾಯಿ ಮುಚ್ಚಿಕೊಂಡ ಮೇಲೂ ಮಾತಿನ ಕೊನೆಯ ಸ್ವರ ಕೇಳುತ್ತಲೇ ಇರುತ್ತದೆ.

ಒಂದು ಉದಾಹರಣೆ. ಡೋರಾ ಚಿತ್ರದಲ್ಲಿ ಸ್ವೈಪರ್ ಎಂಬ ಮುಖವಾಡದ ನರಿಯು ವಸ್ತುಗಳನ್ನು ಕದಿಯಲು ಹೊಂಚುಹಾಕಿ ಬರುತ್ತದೆ. ಡೋರಾ ಅಂಗೈಯನ್ನು ಮುಂದೆ ಚಾಚಿ ‘ಸ್ವೈಪರ್, ನೋ ಸ್ವೈಪಿಂಗ್’ ಎಂದು ಮೂರು ಸಲ ಕೂಗುತ್ತಾಳೆ. ಇದರ ಹಾಸ್ಯವಿರುವುದು ಹೆಸರೂ ಕೃತ್ಯವೂ ಒಂದೇ ಧಾತುವಿನಿಂದ ಬಂದುದರಲ್ಲಿ. ಇಲ್ಲಿ ಕೊಡುವ ಕನ್ನಡವು ಪ್ರಸಾರವಾದ ಪಾಠವಲ್ಲ, ವಿಧಾನವನ್ನು ತೋರಲು ಕಟ್ಟಿದುದು. ‘ಕಳ್ಳನರಿಯೇ, ಕದಿಯಬೇಡ’ ಎಂಬುದು ಅರ್ಥಕ್ಕೆ ಸರಿ; ಆದರೆ ನಮ್ಮ ಛಂದಸ್ಸಿನ ಅಳತೆಯಲ್ಲಿ ಅದು 13 ಮಾತ್ರೆಗಳಷ್ಟಾಗುತ್ತದೆ, ಮೂಲವಾದರೋ ಐದು ಗುರುಗಳ 10 ಮಾತ್ರೆ. ಅದನ್ನು ಒಳಗೆ ತುರುಕಲು ಹೊರಟ ಕಲಾವಿದೆ ಅವಸರದಿಂದ ಆಡಿ, ಗದರಿಕೆಯ ಗಾಂಭೀರ್ಯವನ್ನು ಕಳೆದುಕೊಳ್ಳುತ್ತಾಳೆ. ‘ಕಪಟೀ, ಕದೀಬೇಡ’ ಎಂದರೆ ಸರಿಯಾಗಿ 10 ಮಾತ್ರೆ. ಎರಡು ಕಕಾರಗಳ ಪ್ರಾಸವು ಕಳೆದುಹೋದ ಧಾತುಶ್ಲೇಷಕ್ಕೆ ತಕ್ಕಮಟ್ಟಿಗೆ ಬದಲಾಗುತ್ತದೆ. ತುಟಿಯನ್ನು ನೋಡಿದರೆ, ಮೂಲದ ಎರಡು ಪಕಾರಗಳ ನಡುವೆ 6 ಮಾತ್ರೆಗಳ ಅಂತರವಿದ್ದು, ಕನ್ನಡದ ‘ಪ’ ಮತ್ತು ‘ಬೇ’ಗಳ ನಡುವೆಯೂ ಅಷ್ಟೇ ಇದೆ. ಆದರೆ ಎರಡೂ ಒಂದು ಮಾತ್ರೆ ಮುಂಚಿತವಾಗಿ ಬೀಳುತ್ತವೆ. ಈ ಮಾತಿಗೆ ಒಂದೂವರೆ ಸೆಕೆಂಡು ಹಿಡಿಯುವುದೆಂದು ಭಾವಿಸಿದರೆ ಒಂದು ಮಾತ್ರೆಯು 150 ಮಿಲಿಸೆಕೆಂಡಿನಷ್ಟಾಗಿ, ಆ ದೋಷವು ಕಣ್ಣಿಗೆ ಹೊಡೆಯುವಂಥದು. ಪರಿಹಾರ ಸರಳ: ಮೊದಲ ಕಕಾರವನ್ನು ಒಂದು ಮಾತ್ರೆ ತಡವಾಗಿ ಎತ್ತಿಕೊಂಡು, ಕೊನೆಯ ‘ಡ’ವನ್ನು ಆಡುಮಾತಿನಲ್ಲಿ ಹೇಗೂ ಮೊಟಕಾಗುವಂತೆ ಮೊಟಕುಗೊಳಿಸಿದರೆ ಎರಡು ಓಷ್ಠ್ಯಗಳೂ ತಮ್ಮ ಚೌಕಟ್ಟಿನಲ್ಲಿ ನಿಲ್ಲುತ್ತವೆ. ‘ನೋ’ ಎನ್ನುವಾಗಿನ ದುಂಡುಬಾಯಿಗೆ ಮಾತ್ರ ಇಲ್ಲಿ ಜೊತೆ ಸಿಕ್ಕದು. ಇಂಗ್ಲಿಷಿನಲ್ಲಿ ನಿಷೇಧವು ನಡುವೆ ಬಂದರೆ ಕನ್ನಡದಲ್ಲಿ ವಾಕ್ಯದ ಕೊನೆಗೆ ಬರುವುದರಿಂದ, ಕೈಸನ್ನೆಗೂ ನಿಷೇಧಕ್ಕೂ ಸ್ವಲ್ಪ ಅಂತರ ಉಳಿದೇ ಉಳಿಯುತ್ತದೆ; ದನಿಯ ಒತ್ತನ್ನು ‘ಕಪಟೀ’ಯ ಮೇಲೆಯೇ ಹಾಕಿ ಆ ಅಂತರವನ್ನು ಮರೆಸಬೇಕು.

ಸೋತ ನರಿಯು ಬೆರಳು ಚಿಟಿಕಿಸಿ ‘ಓ ಮ್ಯಾನ್’ ಎಂದು ರಾಗ ಎಳೆಯುವುದಷ್ಟೆ. ಇದಕ್ಕೆ ‘ಛೇ, ಎಂಥ ನಿರಾಶೆ’ ಎಂದು ಬರೆಯುವುದು ನಿಘಂಟಿನ ಕೆಲಸ. ಉಡುಪಿ ಸೀಮೆಯವರ ನಾಲಗೆಯಲ್ಲಿ ಇದಕ್ಕೆ ಸಿದ್ಧವಾದ ಮಾತಿದೆ: ‘ಓ ಮಾರಾಯಾ!’ ದುಂಡು ಓಕಾರ, ಮುಚ್ಚಿದ ಮಕಾರ, ತೆರೆದ ಆಕಾರ, ಮೂರೂ ಮೂಲದ ಕ್ರಮದಲ್ಲಿಯೇ ಬರುತ್ತವೆ. ಎಳೆದ ರಾಗದಲ್ಲಿ ಉಳಿದೆರಡು ಅಕ್ಷರಗಳಿಗೂ ಎಡೆಯಿದೆ. ಅದಕ್ಕಿಂತ ಮಿಗಿಲಾಗಿ, ಕಾಪುವಿನಲ್ಲಾಗಲಿ ಕಾರ್ಕಳದಲ್ಲಾಗಲಿ ಹೊರಟುಹೋದ ಬಸ್ಸನ್ನು ನೋಡುತ್ತ ನಿಂತವನ ಬಾಯಲ್ಲಿ ಬರುವ ಅದೇ ಸಲಿಗೆಯ ಹತಾಶೆ ಇದರಲ್ಲಿದೆ. ಬಯಲುಸೀಮೆಯ ಮಕ್ಕಳಿಗೆ ಇದು ತುಸು ಹೊರಗಿನ ಮಾತೆನಿಸೀತು. ಆದರೂ ಒಂದು ಪಾತ್ರಕ್ಕೆ ಒಂದು ಸೀಮೆಯ ನುಡಿಯನ್ನು ಕೊಟ್ಟು ಆದ್ಯಂತವಾಗಿ ನಡೆಸಿದರೆ ಅದೇ ಆ ಪಾತ್ರದ ಗುಣವಾಗುತ್ತದೆ. ಎಲ್ಲ ಪಾತ್ರಗಳಿಗೂ ಊರಿಲ್ಲದ ಪುಸ್ತಕದ ಕನ್ನಡವನ್ನು ಹಂಚುವುದು ಡಬ್ಬಿಂಗಿನ ಅತಿದೊಡ್ಡ ದೋಷ. ತುಟಿಯ ದೋಷ ಅದರ ಮುಂದೆ ಅಲ್ಪ.

ಪರೀಕ್ಷೆ. ಮುಗಿದ ಕೆಲಸವನ್ನು ಎರಡು ಸಲ ನೋಡುವುದು ಒಳ್ಳೆಯದು. ಒಮ್ಮೆ ಮೂಲದ ಧ್ವನಿಯನ್ನು ಅಡಗಿಸಿ, ತುಟಿ ಮುಚ್ಚುವಲ್ಲೆಲ್ಲ ಹೊಸ ಮಾತಿನ ಓಷ್ಠ್ಯ ಬಿದ್ದಿದೆಯೇ ಎಂದು ಕಣ್ಣಿನಿಂದ ನೋಡಬೇಕು; ಇನ್ನೊಮ್ಮೆ ಕಣ್ಣು ಮುಚ್ಚಿ, ಇದು ಕನ್ನಡದಲ್ಲಿಯೇ ಹುಟ್ಟಿದ ಮಾತಿನಂತೆ ಕೇಳುವುದೇ ಎಂದು ಪರೀಕ್ಷಿಸಬೇಕು. ಎರಡಕ್ಕೂ ವಿರೋಧ ಬಂದಲ್ಲಿ, ಮುಖವು ತೆರೆಯ ತುಂಬ ಕಾಣುವ ಸಮೀಪದೃಶ್ಯಗಳಲ್ಲಿ ಕಣ್ಣಿನ ಮಾತನ್ನೂ ಉಳಿದೆಲ್ಲ ಕಡೆ ಕಿವಿಯ ಮಾತನ್ನೂ ಪಾಲಿಸತಕ್ಕದ್ದು.