ಡಾಬಿ ಮತ್ತು ಜಕಾರ್ಡ್ ಮಗ್ಗಗಳು

ಸಾದಾ ಮಗ್ಗದಲ್ಲಿ ಹಾಸಿನ ನೂಲುಗಳು ಎರಡು ಚೌಕಟ್ಟುಗಳಲ್ಲಿ ಹಂಚಿಕೊಂಡಿರುತ್ತವೆ. ಒಂದು ಮೇಲೇರಿದಾಗ ಇನ್ನೊಂದು ಇಳಿಯುತ್ತದೆ, ನಡುವೆ ಲಾಳಿ ಓಡುತ್ತದೆ. ಇದರಿಂದ ಗಟ್ಟಿ ಬಟ್ಟೆ ಬರುತ್ತದೆ, ಪಟ್ಟೆ ಮತ್ತು ಚೌಕಳಿಯೂ ಬರುತ್ತವೆ. ಚಿತ್ರ ತಾನಾಗಿ ಬರುವುದಿಲ್ಲ.

ಡಾಬಿ ಈ ಚೌಕಟ್ಟುಗಳನ್ನು ಹದಿನಾರು, ಇಪ್ಪತ್ತರವರೆಗೂ ಹೆಚ್ಚಿಸುತ್ತದೆ. ಮರದ ಪಟ್ಟಿಗಳಲ್ಲಿ ಸಿಕ್ಕಿಸಿದ ಗೂಟಗಳು ಯಾವುದು ಏಳಬೇಕೆಂದು ಹೇಳುತ್ತವೆ. ಆದರೆ ಒಂದೇ ಚೌಕಟ್ಟಿನ ನೂಲುಗಳೆಲ್ಲ ಒಟ್ಟಿಗೇ ಏಳಬೇಕು. ಹಾಗಾಗಿ ಡಾಬಿಗೆ ಒಗ್ಗುವುದು ಅಂಚಿನ ಸಣ್ಣ, ಮರುಕಳಿಸುವ ವಿನ್ಯಾಸ.

ಮೊಳಕಾಲ್ಮೂರಿನ ರೇಷ್ಮೆ ಸೀರೆಯಲ್ಲಿ ಕಾಣುವಂಥ ನವಿಲಿಗೆ ಇದು ಸಾಲದು. ಕೊಕ್ಕಿನ ಬಾಗು ತಿದ್ದಲು ಪಕ್ಕಪಕ್ಕದ ನೂಲುಗಳು ಬೇರೆಬೇರೆಯಾಗಿ ಏಳಬೇಕು. ಫ್ರಾನ್ಸಿನ ಲಿಯೋನ್‌ನ ಜೋಸೆಫ್ ಮರಿ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ ಯಂತ್ರ ಇದನ್ನು ಸಾಧಿಸಿತು. ಪ್ರತಿ ಎತ್ತುವಿಕೆಗೆ ಒಂದರಂತೆ ಇರುವ ಕಾರ್ಡಿನಲ್ಲಿ ತೂತಿದ್ದೆಡೆ ಸೂಜಿ ಒಳನುಗ್ಗುತ್ತದೆ, ಅದರ ಕೊಕ್ಕೆ ನೂಲನ್ನು ಎತ್ತುತ್ತದೆ. ತೂತಿಲ್ಲದೆಡೆ ಸೂಜಿ ಹಿಂದೆ ಸರಿದು ಕೊಕ್ಕೆಯನ್ನು ತಪ್ಪಿಸುತ್ತದೆ. ನವಿಲು 100 ನೂಲು ಅಗಲವಿದ್ದು, ಅದರ ಎತ್ತರಕ್ಕೆ 120 ಬಾರಿ ಎತ್ತುವಿಕೆ ಬೇಕಿದ್ದರೆ, 100 ಕೊಕ್ಕೆ ಮತ್ತು 120 ಕಾರ್ಡು ಬೇಕು. ವಿನ್ಯಾಸ ಬದಲಿಸಲು ಹೊಸ ಕಾರ್ಡು ಕೊರೆಸಿದರೆ ಸಾಕು, ಆದರೆ ಆ ಕೊರೆಯುವಿಕೆಯೇ ದುಬಾರಿ.

ತಪ್ಪು ಎಲ್ಲಿದೆ ಎಂಬುದನ್ನು ಬಟ್ಟೆಯೇ ತೋರಿಸುತ್ತದೆ. ಪ್ರತಿ ನವಿಲಿನ ಕುತ್ತಿಗೆಯ ಒಂದೇ ಗೆರೆ ಕೆಟ್ಟಿದ್ದರೆ ಕಾರ್ಡು ಹರಿದಿದೆ. ಉದ್ದಕ್ಕೂ ಒಂದೇ ನೂಲು ತಪ್ಪಿದ್ದರೆ ಕೊಕ್ಕೆಯನ್ನೋ ಸೂಜಿಯನ್ನೋ ನೋಡಬೇಕು.