ಕಂತಿನ ಬಡ್ಡಿ ಹದಿನೈದೋ, ಇಪ್ಪತ್ತೋ: ಕ್ರೆಡಿಟ್ ಕಾರ್ಡ್ ಖರೀದಿಯ ನಿಜ ವೆಚ್ಚ

ರಬಕವಿ-ಬನಹಟ್ಟಿ ತಾಲ್ಲೂಕಿನ ಚಿಮ್ಮಡದಲ್ಲಿ ಕಬ್ಬು ಬೆಳೆಯುವ ಕುಟುಂಬವೊಂದು 60,000 ರೂಪಾಯಿಯ ಪಂಪ್‌ಸೆಟ್ಟನ್ನು ಕಾರ್ಡಿನಲ್ಲಿ ಕೊಂಡು, ಆ ಮೊತ್ತವನ್ನು 12 ಕಂತುಗಳಿಗೆ ಬದಲಿಸಿಕೊಂಡಿತೆಂದು ಇಟ್ಟುಕೊಳ್ಳೋಣ. ವಾರ್ಷಿಕ ಬಡ್ಡಿ ಶೇ 15, ಪ್ರೊಸೆಸಿಂಗ್ ಶುಲ್ಕ ಶೇ 1. ಇಳಿಯುವ ಬಾಕಿಯ ಲೆಕ್ಕದಲ್ಲಿ ತಿಂಗಳ ಕಂತು ಸುಮಾರು 5,416 ರೂಪಾಯಿ. ಮೊದಲ ಸ್ಟೇಟ್‌ಮೆಂಟ್ ಕೇಳುವುದು ಮಾತ್ರ 6,259. ಕಂತಿನೊಳಗಿರುವ 750 ರೂಪಾಯಿ ಬಡ್ಡಿಗೆ ಶೇ 18ರಂತೆ 135 ರೂಪಾಯಿ ಜಿಎಸ್‌ಟಿ ಬೇರೆ ಸಾಲಿನಲ್ಲಿದೆ. 600 ರೂಪಾಯಿ ಶುಲ್ಕವೂ ಅದರ ತೆರಿಗೆ 108 ರೂಪಾಯಿಯೂ ಅದರ ಕೆಳಗಿವೆ. ನಿಜವಾದ ದರ ಅಡಗಿರುವುದು ಈ ಸಣ್ಣ ಸಾಲುಗಳಲ್ಲೇ.

ಸಾಮಾನ್ಯ ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ. 2017ರ ವಿನಾಯಿತಿ ಅಧಿಸೂಚನೆ ಕ್ರೆಡಿಟ್ ಕಾರ್ಡ್ ಸೇವೆಯ ಬಡ್ಡಿಯನ್ನು ಮಾತ್ರ ಹೊರಗಿಟ್ಟಿದೆ. ಹಾಗಾಗಿ ಕಾರ್ಡಿನ ಶೇ 15 ಎಂಬುದು ತೆರಿಗೆ ಸೇರಿದ ಕೂಡಲೇ ಶೇ 17.7 ಆಗುತ್ತದೆ. ಶುಲ್ಕದ 708 ರೂಪಾಯಿ ಆರಂಭದಲ್ಲೇ ಕೈಬಿಟ್ಟು ಹೋಗುವುದೆಂದು ಹಿಡಿದರೆ ಕುಟುಂಬಕ್ಕೆ ದಕ್ಕಿದ ಸಾಲ ವಾಸ್ತವದಲ್ಲಿ 59,292 ಮಾತ್ರ. ಈ ಮೊತ್ತವನ್ನು ಸ್ಪ್ರೆಡ್‌ಶೀಟಿನ ಮೊದಲ ಮನೆಯಲ್ಲಿ ಬರೆದು, ಶುಲ್ಕ ಬಿಟ್ಟು, ಬಡ್ಡಿಯ ತೆರಿಗೆ ಸಹಿತ 12 ಪಾವತಿಗಳನ್ನು ಋಣ ಸಂಖ್ಯೆಗಳಾಗಿ ಅದರ ಕೆಳಗೆ ತುಂಬಿ `=IRR(B1:B13)*12` ಎಂದು ಕೇಳಿದರೆ ಉತ್ತರ ಸುಮಾರು ಶೇ 20 ಬರುತ್ತದೆ.

ಒಟ್ಟು ಹೆಚ್ಚುವರಿ ಸುಮಾರು 6,590 ರೂಪಾಯಿ, ಅಂದರೆ ಬೆಲೆಯ ಶೇ 11 ಅಷ್ಟೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಈ ಭಾಗಾಕಾರವೇ ತಪ್ಪು. 60,000 ರೂಪಾಯಿ ವರ್ಷವಿಡೀ ಕುಟುಂಬದ ಬಳಿ ಉಳಿಯುವುದಿಲ್ಲ. ತಿಂಗಳು ತಿಂಗಳು ತೀರುತ್ತ ಹೋಗುವ ಬಾಕಿಯ ಸರಾಸರಿ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೇ. ಅವಧಿ ಕಡಿಮೆ ಮಾಡಿದರೆ ಅಗ್ಗವಾಗುತ್ತದೆ ಎಂಬುದೂ ಅರ್ಧಸತ್ಯ. ಮೂರೇ ಕಂತಾದರೆ ಹೆಚ್ಚುವರಿ ಸುಮಾರು 2,490 ರೂಪಾಯಿಗೆ ಇಳಿಯುತ್ತದೆ ನಿಜ, ಆದರೆ ಅದೇ ಶುಲ್ಕ ಮೂರು ತಿಂಗಳ ಮೇಲೆ ಬೀಳುವುದರಿಂದ ವಾರ್ಷಿಕ ದರ ಶೇ 25ಕ್ಕೆ ಏರುತ್ತದೆ. ಜೇಬಿನಿಂದ ಹೋಗುವ ರೊಕ್ಕ ತಿಳಿಯಲು ಮೊದಲ ಅಂಕಿ ಬೇಕು, ಬೇರೆ ಸಾಲದೊಂದಿಗೆ ತೂಗಿ ನೋಡಲು ಎರಡನೆಯದು.

ಇನ್ನೊಂದು ಆಕ್ಷೇಪಕ್ಕೆ ತೂಕವಿದೆ. ಕನಿಷ್ಠ ಮೊತ್ತವನ್ನಷ್ಟೇ ಕಟ್ಟಿ ಬಾಕಿ ಉಳಿಸಿದರೆ ತಿಂಗಳಿಗೆ ಶೇ 3.5ರವರೆಗೂ ಬಡ್ಡಿ ಬೀಳುವುದುಂಟು; ಅದರೆದುರು ಕಂತೇ ಮೇಲು. ಒಪ್ಪತಕ್ಕ ಮಾತು, ಆದರೆ ಬೇರೆ ದಾರಿ ಇಲ್ಲದವರಿಗಷ್ಟೇ. ಕಬ್ಬು ಸಾಗಿಸಿದ 14 ದಿನಗಳಲ್ಲಿ ಬಿಲ್ಲು ಪಾವತಿಸಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆ ಬಿಲ್ಲು ಸಮೀಪದಲ್ಲಿದ್ದರೆ ಅಲ್ಲಿಯವರೆಗೆ ಬಂಗಾರದ ಸಾಲ ಪಡೆಯಬಹುದು; ಶೇ 15ರ ಅಂಥ ಸಾಲಕ್ಕೆ, ಬೇರೆ ಶುಲ್ಕಗಳಿಲ್ಲದಿದ್ದರೆ, ನಿಜ ದರವೂ ಶೇ 15 ಆಗಿಯೇ ಉಳಿಯುತ್ತದೆ. ಬಡ್ಡಿ ಇರುವ ಕಂತನ್ನು ಬಡ್ಡಿರಹಿತವೆಂದು ಮರೆಮಾಚಕೂಡದು, ಅಸಲು ಮತ್ತು ಬಡ್ಡಿಯನ್ನು ಬೇರೆಬೇರೆ ತೋರಿಸಬೇಕು ಎಂದು ರಿಸರ್ವ್ ಬ್ಯಾಂಕಿನ ನಿರ್ದೇಶನವಿದೆ. ತೆರಿಗೆ, ಶುಲ್ಕಗಳನ್ನು ಸೇರಿಸಿದ ವಾರ್ಷಿಕ ದರವನ್ನೂ ಕಂತಿಗೆ ಒಪ್ಪಿಗೆ ಪಡೆಯುವ ಮುನ್ನವೇ ಅದೇ ಪರದೆಯ ಮೇಲೆ ತೋರಿಸುವುದು ಕಡ್ಡಾಯವಾಗಬೇಕು.